ಬೆಳಗಿನ ಬಿಗಿತಕ್ಕೆ ಗಡಿಯಾರ ಹಿಡಿದವರು

ಆಂಡರ್ಸನ್‌ಪೇಟೆಯಲ್ಲಿ ಗಂಟು ನೋವಿಗೆ ಯಾರೂ ಕಾರಣ ಹುಡುಕುತ್ತಿರಲಿಲ್ಲ. ಕಾರಣ ಇಡೀ ಊರಿಗೇ ಗೊತ್ತಿತ್ತು: ಮೈನ್ಸು. 1880ರಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿ ಕಾಲಿಟ್ಟಾಗಿನಿಂದ 2001ರ ಫೆಬ್ರವರಿ 28ರಂದು ಗಣಿ ಮುಚ್ಚುವವರೆಗೆ ಇಲ್ಲಿನ ಗಂಡಸರು ನೆಲದಡಿ ಬಗ್ಗಿ, ಮಂಡಿಯೂರಿ, ಕಲ್ಲು ಕೊರೆದವರು. ಚಾಂಪಿಯನ್ ರೀಫ್ ಗಣಿಯಂತೂ 3 ಕಿಲೋಮೀಟರಿಗೂ ಹೆಚ್ಚು ಆಳ. ಅಂಥ ಕಡೆ ದುಡಿದ ಮಂಡಿ, ಸೊಂಟ ನೋಯದೆ ಇರುತ್ತಾ? ಗಂಡಸರ ನೋವಿಗೆ ಗಣಿ, ಹೆಂಗಸರ ನೋವಿಗೆ ವಯಸ್ಸು ಅಥವಾ ವಾತ. ಲೆಕ್ಕ ಮುಗೀತು.

ಬಂಗಾರಪೇಟೆ ಹತ್ತಿರದ ಹಳ್ಳಿಯವನಾದ ನನಗೆ ಈ ಲೆಕ್ಕ ಎಲ್ಲಿ ತಪ್ಪುತ್ತೆ ಅಂತ ತೋರಿಸಿದ್ದು ಅಲ್ಲೇ ಇದ್ದ ನಮ್ಮ ದೊಡ್ಡಪ್ಪ, ದೊಡ್ಡಮ್ಮ. ದೊಡ್ಡಪ್ಪ ಗಣಿಯಲ್ಲಿದ್ದವರು. ಬೆಳಗ್ಗೆ ಎದ್ದಾಗ ಅವರ ಮಂಡಿ ಹಿಡಿದುಕೊಳ್ಳುತ್ತಿತ್ತು. ಆದರೆ ಹಿತ್ತಲಿಗೆ ಹೋಗಿ ಮುಖ ತೊಳೆದು ಬರುವಷ್ಟರಲ್ಲಿ, ಅಂದರೆ ಹತ್ತು ನಿಮಿಷದಲ್ಲಿ ಬಿಡುತ್ತಿತ್ತು. ನೋವು ಶುರುವಾಗುತ್ತಿದ್ದುದು ನಡೆದಾಗ, ಮೆಟ್ಟಿಲಿಳಿದಾಗ. ಸಂಜೆಗೆ ಜಾಸ್ತಿ, ಕೂತರೆ ಕಮ್ಮಿ. ದೊಡ್ಡಮ್ಮನದು ಉಲ್ಟಾ. ಎದ್ದಾಗ ಎರಡೂ ಕೈಯ ಬೆರಳು ಮಡಚಲು ಬರುತ್ತಿರಲಿಲ್ಲ, ಹಾಲಿನ ಪ್ಯಾಕೆಟ್ ಹರಿಯಲು ಆಗುತ್ತಿರಲಿಲ್ಲ. ಐದೂವರೆಗೆ ಎದ್ದರೆ ಏಳು ಗಂಟೆ ದಾಟಿದ ಮೇಲೆ, ಬಿಸಿನೀರಲ್ಲಿ ಪಾತ್ರೆ ತೊಳೆಯುತ್ತಾ ತೊಳೆಯುತ್ತಾ, ಕೈ ಸಡಿಲವಾಗೋದು. ಸುಮ್ಮನೆ ಕೂತರೆ ಮತ್ತೆ ಬಿಗಿ. ಬೆರಳುಗಳು ಅಂಗೈಗೆ ಸೇರುವ ಗೆಣ್ಣುಗಳು ಎರಡೂ ಕೈಯಲ್ಲಿ ಮೆತ್ತಗೆ ಊದಿದ್ದವು. ಇಬ್ಬರೂ ಒಂದೇ ಅಂಗಡಿಯಿಂದ ಒಂದೇ ನೋವಿನ ಮಾತ್ರೆ ತರಿಸಿ ನುಂಗುತ್ತಿದ್ದರು.

ಇವು ಎರಡು ಬೇರೆ ಕಾಯಿಲೆ. ದೊಡ್ಡಪ್ಪನದು ಆಸ್ಟಿಯೋಆರ್ಥ್ರೈಟಿಸ್, ಅಂದರೆ ಕೀಲಿನ ಮೃದ್ವಸ್ಥಿಯ ಸವೆತ. ದೊಡ್ಡಮ್ಮನದು ರುಮಟಾಯ್ಡ್ ಆರ್ಥ್ರೈಟಿಸ್. ದೇಹದ ಕಾವಲು ಪಡೆಯೇ ಕೀಲಿನ ಒಳಪೊರೆಯ ಮೇಲೆ ಬೀಳುವ ಉರಿಯೂತ.

ಈ ಎರಡನ್ನು ಬೇರೆ ಮಾಡಿ ನೋಡಲು ವೈದ್ಯರಿಗೇ ಬಹಳ ಕಾಲ ಹಿಡಿಯಿತು. 1800ರಲ್ಲಿ ಪ್ಯಾರಿಸ್ಸಿನಲ್ಲಿ ಲಾಂಡ್ರೆ-ಬೊವೆ ಎಂಬ ಯುವ ವೈದ್ಯ, ಬಡ ಹೆಂಗಸರು ಬರುತ್ತಿದ್ದ ಸಾಲ್ಪೇಟ್ರಿಯೇರ್ ಆಸ್ಪತ್ರೆಯಲ್ಲಿ, ಗೌಟ್‌ಗಿಂತ ಬೇರೆಯಾದ ಒಂದು ಗಂಟುಬೇನೆಯನ್ನು ವರ್ಣಿಸಿದ. ಗೌಟ್ ಆಗ ಉಂಡು ತೇಗುವ ಸಾಹುಕಾರ ಗಂಡಸರ ರೋಗ ಅಂತ ಹೆಸರಾಗಿತ್ತು. ಇದು ಬಡ ಹೆಂಗಸರಲ್ಲಿ ಕಂಡಿತ್ತು. 1859ರಲ್ಲಿ ಲಂಡನ್ನಿನ ಆಲ್ಫ್ರೆಡ್ ಗ್ಯಾರಡ್ ಅದಕ್ಕೆ ರುಮಟಾಯ್ಡ್ ಆರ್ಥ್ರೈಟಿಸ್ ಅಂತ ಹೆಸರಿಟ್ಟ. ಆದರೂ ಸವೆತದ ನೋವನ್ನು ಅದರಿಂದ ಪೂರ್ತಿ ಬಿಡಿಸಲು ಇನ್ನೂ ದಶಕಗಳೇ ಬೇಕಾದವು.

ಸವೆತದ ಕಡೆಯ ಲೆಕ್ಕ ಸರಿಯಾಗಿದ್ದು ಗಣಿ ಕಾರ್ಮಿಕರಿಂದಲೇ. 1952ರಲ್ಲಿ ಕೆಲ್‌ಗ್ರೆನ್ ಮತ್ತು ಲಾರೆನ್ಸ್ ಎಂಬಿಬ್ಬರು ಇಂಗ್ಲೆಂಡಿನ ಕಲ್ಲಿದ್ದಲು ಗಣಿಯವರ ಎಕ್ಸ್‌ರೇಗಳನ್ನು ಬೇರೆ ಕೂಲಿ ಕೆಲಸದವರ, ಆಫೀಸಿನವರ ಎಕ್ಸ್‌ರೇಗಳ ಪಕ್ಕ ಇಟ್ಟು ನೋಡಿದರು. ಗಣಿಯವರಲ್ಲಿ ಸೊಂಟದ ಮತ್ತು ಮಂಡಿಯ ಸವೆತ ಎದ್ದು ಕಂಡಿತು. ಭಾರ ಎಲ್ಲಿ ಬೀಳುತ್ತೋ ಸವೆತ ಅಲ್ಲಿ. 1957ರಲ್ಲಿ ಅವರು ಕೊಟ್ಟ 0ಯಿಂದ 4ರವರೆಗಿನ ಅಳತೆಯನ್ನೇ ಇವತ್ತಿಗೂ ನಮ್ಮೂರ ಮಂಡಿ ಎಕ್ಸ್‌ರೇ ವರದಿಯಲ್ಲಿ 'ಗ್ರೇಡ್ 3' ಅಂತ ಬರೆಯೋದು. ಹಾಗಾಗಿ ದೊಡ್ಡಪ್ಪನ ಮಂಡಿ ವಿಷಯದಲ್ಲಿ ಆಂಡರ್ಸನ್‌ಪೇಟೆ ಹೇಳಿದ್ದು ಸುಳ್ಳಲ್ಲ. ಅದೇ ಮಾತನ್ನು ದೊಡ್ಡಮ್ಮನ ಬೆರಳಿಗೂ ಅಂಟಿಸಿದ್ದೇ ತೊಂದರೆ.

ಇನ್ನೊಂದು ಕಡೆಗೆ ಗಡಿಯಾರ ಬಂತು. ಅಮೆರಿಕದ ಕೀಲುರೋಗ ತಜ್ಞರ ಸಂಘ 1950ರ ದಶಕದಲ್ಲಿ ಮಾಡಿದ ಲಕ್ಷಣಗಳ ಪಟ್ಟಿಯಲ್ಲೇ ಬೆಳಗಿನ ಬಿಗಿತ ಇತ್ತು, ಆದರೆ ಎಷ್ಟು ಹೊತ್ತು ಅಂತ ಇರಲಿಲ್ಲ. 1987ರ ಪಟ್ಟಿ ಅದನ್ನು ಬಿಗಿ ಮಾಡಿತು: ಕನಿಷ್ಠ ಒಂದು ಗಂಟೆ, ಕನಿಷ್ಠ ಆರು ವಾರ. ಅದಕ್ಕೂ ಒಂದು ವರ್ಷ ಮುಂಚೆ ಮಂಡಿ ಸವೆತಕ್ಕೆ ಮಾಡಿದ ಪಟ್ಟಿಯಲ್ಲಿ ಬಿಗಿತ ಅರ್ಧ ಗಂಟೆಗಿಂತ ಕಡಿಮೆ ಎಂದಿತ್ತು.

ಬೆಳಗ್ಗೆಯೇ ಯಾಕೆ? ಉರಿಯೂತವನ್ನು ತಣಿಸುವ ಕಾರ್ಟಿಸಾಲ್ ನಮ್ಮ ದೇಹದಲ್ಲಿ ನಡುರಾತ್ರಿ ತೀರಾ ಕಡಿಮೆ ಇರುತ್ತೆ. ಉರಿಯೂತ ಎಬ್ಬಿಸುವ ರಾಸಾಯನಿಕಗಳು ಬೆಳಗಿನ ಜಾವಕ್ಕೆ ಏರುತ್ತವೆ. ಮಲಗಿದ ಕೀಲು ಅಲುಗಾಡದ್ದರಿಂದ ಊದಿದ ಒಳಪೊರೆಯಲ್ಲಿ ನೀರು ನಿಲ್ಲುತ್ತೆ. ಎದ್ದು ಕೈಯಾಡಿಸಿದ ಮೇಲೆ ಅದು ನಿಧಾನಕ್ಕೆ ಇಳಿಯಬೇಕು, ಅದಕ್ಕೇ ಅಷ್ಟು ಹೊತ್ತು. ಬರೀ ಸವೆದ ಕೀಲಿನಲ್ಲಿ ಇಷ್ಟೆಲ್ಲ ಊತ ಇರೋದಿಲ್ಲ, ಅದಕ್ಕೇ ನಾಲ್ಕು ಹೆಜ್ಜೆ ಇಟ್ಟರೆ ಸಡಿಲ.

ಆದರೆ ಒಂದು ಗಂಟೆ ಅನ್ನೋದು ಕಾನೂನಲ್ಲ. 2010ರ ಹೊಸ ಪಟ್ಟಿಯಲ್ಲಿ ಬೆಳಗಿನ ಬಿಗಿತವನ್ನು ಕೈಬಿಟ್ಟರು. ಎಷ್ಟು ಕೀಲು ಊದಿವೆ, ಎಷ್ಟು ವಾರ ಆಯ್ತು, ರಕ್ತದಲ್ಲಿ ಇಎಸ್‌ಆರ್, ಸಿಆರ್‌ಪಿ, ಆರ್‌ಎಫ್, ಆ್ಯಂಟಿ-ಸಿಸಿಪಿ ಏನು ಹೇಳುತ್ತವೆ ಅನ್ನೋದಕ್ಕೆ ಅಂಕ ಕೊಟ್ಟರು. ರೋಗದ ಶುರುವಿನಲ್ಲಿ ಬಿಗಿತ ಅರ್ಧ ಗಂಟೆಯೇ ಇರಬಹುದು. ಮೈಯೆಲ್ಲ ನೋಯುವ ಬೇರೆ ಕಾಯಿಲೆಗಳಲ್ಲೂ ಗಂಟೆಗಟ್ಟಲೆ ಇರಬಹುದು. ಕೋಲಾರ ಜಿಲ್ಲೆಯಲ್ಲಿ ಇನ್ನೊಂದು ಗೊಂದಲ ಉಂಟು: ಆಳದ ಬೋರ್‌ವೆಲ್ ನೀರಿನ ಫ್ಲೋರೈಡ್. ವರ್ಷಗಟ್ಟಲೆ ಅದನ್ನು ಕುಡಿದರೆ ಬೆನ್ನು, ಕುತ್ತಿಗೆ ಬಿಗಿಯುತ್ತವೆ. ಆದರೆ ಆ ಬಿಗಿತ ಒಂದೂವರೆ ಗಂಟೆಗೆ ಬಿಡುವಂಥದ್ದಲ್ಲ, ದಿನವಿಡೀ ಇರುತ್ತೆ. ಗೆಣ್ಣುಗಳು ಮೆತ್ತಗೆ ಊದುವುದೂ ಇಲ್ಲ.

ಗಣಿಯ ಗಂಡಸರಿಗೂ ಒಂದು ಎಚ್ಚರಿಕೆ ಚರಿತ್ರೆಯಲ್ಲೇ ಇದೆ. ನಮ್ಮ ವೈದ್ಯಕೀಯ ಪಠ್ಯಗಳು ಭಾರತದ ಸಿಲಿಕೋಸಿಸ್ ಕಥೆ ಹೇಳುವಾಗ 1947ರ ಕೋಲಾರ ಚಿನ್ನದ ಗಣಿಯ ವರದಿಯನ್ನು ಹೆಸರಿಸುತ್ತವೆ. 1953ರಲ್ಲಿ ಕ್ಯಾಪ್ಲನ್ ಎಂಬ ವೈದ್ಯ, ವೇಲ್ಸ್‌ನ ಕಲ್ಲಿದ್ದಲು ಗಣಿಯವರಲ್ಲಿ ರುಮಟಾಯ್ಡ್ ಇದ್ದವರ ಶ್ವಾಸಕೋಶದಲ್ಲಿ ವಿಶೇಷವಾದ ಗಂಟುಗಳನ್ನು ಕಂಡ. ಕಲ್ಲಿನ ಧೂಳು, ಅಂದರೆ ಸಿಲಿಕಾ, ರುಮಟಾಯ್ಡ್ ಬರುವ ಸಾಧ್ಯತೆಯನ್ನೇ ಹೆಚ್ಚಿಸುತ್ತೆ ಅಂತ ಆಮೇಲಿನ ಅಧ್ಯಯನಗಳು ತೋರಿಸಿವೆ. ಅಂದರೆ 'ಮೈನ್ಸಲ್ಲಿ ದುಡಿದಿದ್ದು, ಸವೆತ ಬಿಡು' ಅನ್ನುವ ಮಾತು ಗಣಿಯವನ ವಿಷಯದಲ್ಲೂ ಯಾವಾಗಲೂ ಸರಿ ಇರೋದಿಲ್ಲ.

ದೊಡ್ಡಮ್ಮನಿಗೆ ಬೆಂಗಳೂರಿನ ಒಬ್ಬ ಕೀಲುರೋಗ ತಜ್ಞೆ ಮೊದಲು ಕೇಳಿದ್ದೇ "ಅಮ್ಮಾ, ಎದ್ದ ಮೇಲೆ ಕೈ ಸರಿಹೋಗೋಕೆ ಎಷ್ಟು ಹೊತ್ತಾಗುತ್ತೆ?" ಅಂತ. ಆಮೇಲೆ ಗೆಣ್ಣುಗಳನ್ನು ಅಡ್ಡಕ್ಕೆ ಮೆಲ್ಲಗೆ ಒತ್ತಿದರು, ದೊಡ್ಡಮ್ಮ ಕೈ ಎಳೆದುಕೊಂಡರು. ರಕ್ತ ಪರೀಕ್ಷೆಯ ನಂತರ ಮೆಥೊಟ್ರೆಕ್ಸೇಟ್ ಶುರುವಾಯ್ತು. ಮೂರು ತಿಂಗಳಿಗೆ ಬಿಗಿತ ಇಪ್ಪತ್ತು ನಿಮಿಷಕ್ಕಿಳಿಯಿತು. ಆದರೆ ಬರೀ ನೋವಿನ ಮಾತ್ರೆಯಲ್ಲಿ ಕಳೆದ ಒಂದು ವರ್ಷದಲ್ಲಿ ಬಲಗೈಯ ಎರಡು ಬೆರಳು ಕಿರುಬೆರಳಿನ ಕಡೆಗೆ ವಾಲಿದ್ದವು, ಅವು ನೆಟ್ಟಗಾಗಲಿಲ್ಲ. ನೋವಿನ ಮಾತ್ರೆ ಬಿಗಿತ ಕಡಿಮೆ ಮಾಡುತ್ತೆ, ಮೂಳೆ ಕೊರೆಯುವುದನ್ನು ನಿಲ್ಲಿಸೋದಿಲ್ಲ. ಶುರುವಿನಲ್ಲಿ ಎಕ್ಸ್‌ರೇ ಏನೂ ತೋರಿಸದೆಯೂ ಇರಬಹುದು, ಆರ್‌ಎಫ್ ನೆಗೆಟಿವ್ ಬಂದರೂ ರೋಗ ಇರಬಹುದು. ಇನ್ನೊಂದು ಮಾತು: ಮೆಥೊಟ್ರೆಕ್ಸೇಟ್ ಈ ರೋಗಕ್ಕೆ ವಾರಕ್ಕೆ ಒಂದೇ ದಿನ. ದಿನಾ ನುಂಗಿ ಪ್ರಾಣ ಕಳೆದುಕೊಂಡವರಿದ್ದಾರೆ. ನಾವು ಕ್ಯಾಲೆಂಡರಿನ ಭಾನುವಾರಗಳಿಗೆ ಸುತ್ತು ಹಾಕಿದ್ದೆವು.

ಮನೆಯಲ್ಲಿ ಯಾರಾದರೂ 'ಬೆಳಗ್ಗೆ ಕೈ ಹಿಡ್ಕೊಳ್ಳುತ್ತೆ' ಅಂದರೆ ಎರಡು ಸಮಯ ಬರೆದಿಡಿ: ಎದ್ದದ್ದು ಎಷ್ಟಕ್ಕೆ, ಕೈ ಆ ದಿನಕ್ಕೆ ಎಷ್ಟು ಸಡಿಲವಾಗಬಹುದೋ ಅಷ್ಟಾದದ್ದು ಎಷ್ಟಕ್ಕೆ. ನೋವು ಪೂರ್ತಿ ಹೋದ ಸಮಯ ಅಲ್ಲ, ಬಿಗಿ ಬಿಟ್ಟ ಸಮಯ. ಒಂದು ವಾರ ಬರೆದರೆ ಸಾಕು. ಆ ಎರಡರ ನಡುವೆ ದಿನಾ ಒಂದು ಗಂಟೆ ಇದ್ದು, ಗೆಣ್ಣೂ ಊದಿದ್ದರೆ, ಆ ಚೀಟಿ ಹಿಡಿದು ಕೀಲುರೋಗ ತಜ್ಞರ ಹತ್ತಿರ ಹೋಗಿ. ಆರು ವಾರ ತುಂಬಲಿ ಅಂತ ಮನೆಯಲ್ಲಿ ಕಾಯಬೇಕಿಲ್ಲ.