ಲಾರಿಯ ಆಕ್ಸಲ್ ವಿನ್ಯಾಸ: 6×4 ಎಂಬ ಅಂಕಿಗಳ ಅರ್ಥ

ಲಾರಿ, ಟಿಪ್ಪರ್‌ಗಳ ಆಕ್ಸಲ್ ವಿನ್ಯಾಸವನ್ನು 4×2, 6×2, 6×4 ಎಂಬಂಥ ಜೋಡಿ ಅಂಕಿಗಳಲ್ಲಿ ಬರೆಯುವುದು ರೂಢಿ. ಮೊದಲನೆಯದು ಒಟ್ಟು ಚಕ್ರಸ್ಥಾನಗಳ ಸಂಖ್ಯೆ. ಎರಡನೆಯದು ಅವುಗಳಲ್ಲಿ ಎಂಜಿನ್ನಿನ ಶಕ್ತಿ ತಲುಪುವ ಸ್ಥಾನಗಳ ಸಂಖ್ಯೆ. ಒಂದು ಹಬ್ಬಿಗೆ ಎರಡು ಟೈರ್ ಕೂಡಿಸಿದ್ದರೂ ಅದು ಒಂದೇ ಸ್ಥಾನ. ಹಾಗಾಗಿ ನಾವು ಹತ್ತು ಚಕ್ರದ ಲಾರಿ ಎನ್ನುವ ಗಾಡಿ ಈ ಲೆಕ್ಕದಲ್ಲಿ ಆರು ಚಕ್ರದ್ದು: ಮುಂದೆ ಎರಡು, ಹಿಂದಿನ ಎರಡು ಆಕ್ಸಲ್‌ಗಳಲ್ಲಿ ನಾಲ್ಕು.

ಅದು 6×2 ಇರಲಿ, 6×4 ಇರಲಿ, ಪಕ್ಕದಿಂದ ನೋಡಿದರೆ ಒಂದೇ ತರಹ ಕಾಣುತ್ತದೆ. ಹಿಂದಿನಿಂದ ಬಗ್ಗಿ ನೋಡಬೇಕು. 6×4 ಆದರೆ ಎರಡೂ ಆಕ್ಸಲ್‌ಗಳ ಮಧ್ಯಭಾಗದಲ್ಲಿ ಬಿಂದಿಗೆಯ ಹೊಟ್ಟೆಯಂತೆ ಉಬ್ಬಿದ ಡಿಫರೆನ್ಷಿಯಲ್ ಹೌಸಿಂಗ್ ಇರುತ್ತದೆ, ಒಂದರಿಂದ ಇನ್ನೊಂದಕ್ಕೆ ಚಿಕ್ಕ ಪ್ರೊಪೆಲ್ಲರ್ ಶಾಫ್ಟ್ ಹೋಗಿರುತ್ತದೆ. 6×2ರಲ್ಲಿ ಒಂದು ಆಕ್ಸಲ್ ಬರೀ ಡಮ್ಮಿ. ಭಾರ ಹೊರುತ್ತದೆ, ಎಳೆಯುವುದಿಲ್ಲ.

ಭಾರ ಮತ್ತು ಹಿಡಿತ

ಎಷ್ಟು ಭಾರ ಹೇರಬಹುದು ಎನ್ನುವುದಕ್ಕೂ ಎರಡನೆಯ ಅಂಕಿಗೂ ನೇರ ಸಂಬಂಧವಿಲ್ಲ. ಭಾರತದಲ್ಲಿ 2018ರ ಪರಿಷ್ಕರಣೆಯ ನಂತರ ಎರಡು ಟೈರಿನ ಒಂಟಿ ಆಕ್ಸಲ್‌ಗೆ 7 ಟನ್, ನಾಲ್ಕು ಟೈರಿನದಕ್ಕೆ 11.5 ಟನ್, ಜೋಡಿ ಆಕ್ಸಲ್‌ಗೆ 21 ಟನ್ ಮಿತಿಯಿದೆ. ಹಿಂದಿನ ಜೋಡಿಯಲ್ಲಿ ಶಕ್ತಿ ಒಂದಕ್ಕೆ ಹೋದರೂ ಎರಡಕ್ಕೆ ಹೋದರೂ ಆ 21 ಟನ್ ಬದಲಾಗದು. ಸರಕಿನ ಮಟ್ಟಿಗೆ 6×4ಕ್ಕೇ ತುಸು ನಷ್ಟ, ಏಕೆಂದರೆ ಹೆಚ್ಚುವರಿ ಗೇರು, ಶಾಫ್ಟುಗಳ ತೂಕವೂ ಗಾಡಿಯ ಒಟ್ಟು ಮಿತಿಯೊಳಗೇ ಸೇರಬೇಕು.

ವ್ಯತ್ಯಾಸ ಇರುವುದು ಹಿಡಿತದಲ್ಲಿ. ಚಕ್ರ ಜಾರದೆ ಎಳೆಯಬಲ್ಲ ಬಲವೆಂದರೆ, ಎಳೆಯುವ ಚಕ್ರಗಳ ಮೇಲಿರುವ ಭಾರವನ್ನು ನೆಲದ ಘರ್ಷಣಾಂಕದಿಂದ ಗುಣಿಸಿದಷ್ಟು. ಮುಂದೆ 7, ಹಿಂದೆ 21, ಒಟ್ಟು 28 ಟನ್ ತೂಗುವ ಟಿಪ್ಪರ್ ಕ್ವಾರಿಯಿಂದ ಮೇಲೇರುತ್ತಿದೆ ಎನ್ನೋಣ. ಮಳೆ ಬಿದ್ದ ಮಣ್ಣಿನ ದಾರಿ, ಘರ್ಷಣಾಂಕ ಸುಮಾರು 0.3, ಎಂಟಕ್ಕೆ ಒಂದರ ಏರು. ಏರಿಗೆ 3.5 ಟನ್, ಮೆತ್ತನೆ ನೆಲದ ಉರುಳು ತಡೆಗೆ ನೂರಕ್ಕೆ ಐದರಂತೆ 1.4 ಟನ್, ಒಟ್ಟು 4.9 ಟನ್ ಎಳೆತ ಬೇಕು. 6×2ರಲ್ಲಿ ಎಳೆಯುವ ಆಕ್ಸಲ್ ಮೇಲಿರುವುದು ಸುಮಾರು 10.5 ಟನ್, ಸಿಗುವ ಹಿಡಿತ 3.15 ಟನ್. ಗಾಡಿ ನಿಂತಲ್ಲೇ ಚಕ್ರ ಸುತ್ತುತ್ತದೆ. 6×4ರಲ್ಲಿ 21 ಟನ್ನೂ ಕೆಲಸಕ್ಕೆ ಬಂದು 6.3 ಟನ್ ಸಿಗುತ್ತದೆ, ಗಾಡಿ ಏರುತ್ತದೆ. ಎಂಜಿನ್ ಎರಡರಲ್ಲೂ ಒಂದೇ ಆಗಿರಬಹುದು. ಒಣ ಡಾಂಬರು ರಸ್ತೆಯಲ್ಲಿ ಘರ್ಷಣಾಂಕ 0.7ರ ಆಸುಪಾಸು ಇರುವುದರಿಂದ 6×2ಕ್ಕೂ 7 ಟನ್ನಿಗೆ ಮೇಲ್ಪಟ್ಟ ಹಿಡಿತವಿದೆ. ಹೆದ್ದಾರಿಯ ಸರಕು ಸಾಗಣೆಗೆ ಅದು ಧಾರಾಳ.

ಖಾಲಿ ಗಾಡಿ ಸುಲಭವಾಗಿ ಏರುತ್ತದೆ ಎಂಬ ನಂಬಿಕೆ ಮಾತ್ರ ಸರಿಯಲ್ಲ. ಇದೇ ಟಿಪ್ಪರ್ ಖಾಲಿಯಿದ್ದಾಗ 11 ಟನ್ ತೂಗಿ, ಹಿಂದೆ 6 ಟನ್ ಬಿದ್ದಿದೆ ಎಂದಿಟ್ಟುಕೊಂಡರೆ ಅದೇ ಏರಿಗೆ 1.9 ಟನ್ ಎಳೆತ ಬೇಕು, 6×4ಕ್ಕೂ ಸಿಗುವುದು 1.8. ಹಿಂಬದಿಗೆ ಬೀಳುವ ಭಾರದ ಪಾಲು ಖಾಲಿಯಲ್ಲಿ ಕಡಿಮೆ ಎಂಬುದೇ ಕಾರಣ. ಕುತೂಹಲದ ಸಂಗತಿಯೆಂದರೆ, ಖಾಲಿಯಿದ್ದಾಗ ಲಿಫ್ಟ್ ಆಕ್ಸಲ್ ಎತ್ತಿದ 6×2 ಕೂಡ ಆ 6 ಟನ್ನನ್ನೂ ಒಂದೇ ಆಕ್ಸಲ್‌ಗೆ ಹೊರಿಸಿ ಸುಮಾರು ಅಷ್ಟೇ ಹಿಡಿತ ಪಡೆಯುತ್ತದೆ. ಲೋಡಿನಲ್ಲಿ ಹಾಗೆ ಎತ್ತುವಂತಿಲ್ಲ. 21 ಟನ್ ಒಂದೇ ಆಕ್ಸಲ್ ಮೇಲೆ ಬಿದ್ದರೆ ಮಿತಿಯ ಹತ್ತಿರ ಹತ್ತಿರ ಎರಡು ಪಟ್ಟಾಗುತ್ತದೆ.

ಎರಡು ಆಕ್ಸಲ್ ನಡುವಿನ ಡಿಫರೆನ್ಷಿಯಲ್

ಮೇಲಿನ ಲೆಕ್ಕ ನಾಲ್ಕೂ ಸ್ಥಾನಗಳು ಸಮನಾಗಿ ಎಳೆದಾಗ ಮಾತ್ರ ನಿಜ. ಇಂಗ್ಲೆಂಡಿನ ಸ್ಕ್ಯಾಮೆಲ್ ಕಂಪನಿ 1927ರಲ್ಲಿ ತಂದ ಪಯನಿಯರ್ ಇದಕ್ಕೆ ಸೊಗಸಾದ ದಾರಿ ಕಂಡುಕೊಂಡಿತ್ತು. ಅದರ ಹಿಂಬದಿಯಲ್ಲಿ ಡಿಫರೆನ್ಷಿಯಲ್ ಇದ್ದದ್ದು ಒಂದೇ. ಆ ಆಕ್ಸಲ್‌ನ ಎರಡೂ ತುದಿಗಳಲ್ಲಿ ತಕ್ಕಡಿಯ ದಂಡದಂತೆ ಹಿಂದೆಮುಂದೆ ಓಲಾಡುವ ಗೇರ್ ಪೆಟ್ಟಿಗೆ, ದಂಡದ ಎರಡು ತುದಿಗೆ ಎರಡು ಚಕ್ರ. ಒಂದು ಚಕ್ರ ಬಂಡೆಯ ಮೇಲೆ ಹತ್ತಿದರೆ ಜೊತೆಯದು ತಗ್ಗಿಗೆ ಇಳಿಯುತ್ತಿತ್ತು, ಎರಡರ ಮೇಲೂ ಭಾರ ಉಳಿಯುತ್ತಿತ್ತು. ಗೇರುಗಳಿಂದ ಕೂಡಿದ್ದರಿಂದ ಒಂದು ಮಗ್ಗುಲಿನ ಎರಡು ಚಕ್ರಗಳಲ್ಲಿ ಒಂದೇ ಸುಮ್ಮನೆ ಸುತ್ತುವ ಪ್ರಶ್ನೆಯೇ ಇರಲಿಲ್ಲ.

ಇಂದಿನ ಗಾಡಿಗಳಲ್ಲಿ ಆಕ್ಸಲ್‌ಗಳ ನಡುವೆಯೂ ಒಂದು ಡಿಫರೆನ್ಷಿಯಲ್ ಇರುವುದು ಸಾಮಾನ್ಯ. ಲಾಕ್ ಹಾಕದಿದ್ದರೆ ಕೆಸರಿನಲ್ಲಿ ಜಾರುವ ಒಂದೇ ಚಕ್ರಕ್ಕೆ ಇಡೀ ಶಕ್ತಿ ಸೋರಿಹೋಗುತ್ತದೆ. ಚಕ್ರ ಸುತ್ತತೊಡಗುವ ಮುನ್ನವೇ ಲಾಕ್ ಹಾಕಬೇಕು. ಸುತ್ತುತ್ತಿರುವಾಗ ಹಾಕಿದರೆ ಹಲ್ಲುಗಳು ಮುರಿಯಬಹುದು. ಗಟ್ಟಿ ರಸ್ತೆಗೆ ಬಂದೊಡನೆ ತೆಗೆಯಲೇಬೇಕು, ಏಕೆಂದರೆ ತಿರುವಿನಲ್ಲಿ ಎರಡು ಆಕ್ಸಲ್‌ಗಳ ಸುತ್ತು ಸಮವಲ್ಲ, ಆ ವ್ಯತ್ಯಾಸ ಶಾಫ್ಟುಗಳನ್ನು ಹಿಂಡುತ್ತದೆ. ಸ್ವಿಚ್ ಆರಿಸಿದ ಮೇಲೂ ದೀಪ ಆರದಿದ್ದರೆ ಈ ಬಿಗುಪು ಉಳಿದಿರಬಹುದು; ತುಸು ಹಿಂದಕ್ಕೆ ಚಲಿಸಿದರೆ ಸಾಮಾನ್ಯವಾಗಿ ಬಿಡುತ್ತದೆ.

ಒಂದು ಆಕ್ಸಲ್‌ಗೆ ಹೊಸ ಟೈರ್, ಇನ್ನೊಂದಕ್ಕೆ ಸವೆದ ಟೈರ್ ಹಾಕಿದಾಗಲೂ ಇದೇ ತೊಂದರೆ, ಆದರೆ ನಿಧಾನವಾಗಿ. ಸುತ್ತಳತೆ ಬೇರೆಯಾದ್ದರಿಂದ ನೇರ ರಸ್ತೆಯಲ್ಲೂ ನಡುವಿನ ಡಿಫರೆನ್ಷಿಯಲ್ ಬಿಡುವಿಲ್ಲದೆ ತಿರುಗುತ್ತಿರುತ್ತದೆ, ಎಣ್ಣೆ ಕಾಯುತ್ತದೆ. ದೂರದ ಓಟ ಮುಗಿಸಿ ನಿಂತಾಗ ಮುಂದಿನ ಹೌಸಿಂಗ್ ಹಿಂದಿನದಕ್ಕಿಂತ ಎದ್ದು ಕಾಣುವಷ್ಟು ಬಿಸಿಯಿದ್ದರೆ, ಮೊದಲು ಅಳೆಯಬೇಕಾದ್ದು ಟೈರುಗಳ ಸುತ್ತಳತೆ.