ಅಡುಗೆಮನೆಯಲ್ಲಿ ಕೀಟನಾಶಕ: ಸಿಂಪಡಿಸಿದ ಹನಿ ಎಲ್ಲಿಗೆ ಹೋಗುತ್ತದೆ?

ಮುರ್ಡೇಶ್ವರ: ಕರಾವಳಿಯ ಗೇರು ತೋಟಗಳ ಮೇಲೆ ಹೆಲಿಕಾಪ್ಟರ್‌ಗಳು ಎಂಡೋಸಲ್ಫಾನ್ ಸುರಿಸುತ್ತಿದ್ದ ಕಾಲವೊಂದಿತ್ತು. ಗುರಿ ಇದ್ದದ್ದು ಗೇರುಮರದ ಚಿಗುರು ಹೀರುವ ಟೀ ಸೊಳ್ಳೆ. ಆದರೆ ಹನಿಗಳು ಮರದ ಮೇಲಷ್ಟೇ ಬೀಳಲಿಲ್ಲ. ತೋಟದ ಅಂಚಿನ ಬಾವಿ, ಅಂಗಳ, ಹುಲ್ಲುಗಾವಲುಗಳ ಮೇಲೂ ಬಿದ್ದವು. ಕಾಸರಗೋಡು ಹಾಗೂ ದಕ್ಷಿಣ ಕನ್ನಡದಂತೆಯೇ ಭಟ್ಕಳ, ಹೊನ್ನಾವರ, ಕುಮಟಾ ಭಾಗದಲ್ಲೂ ಎಂಡೋಸಲ್ಫಾನ್ ಸಂತ್ರಸ್ತರ ಕುಟುಂಬಗಳಿವೆ. 2011ರ ಮೇ 13ರಂದು ಸುಪ್ರೀಂ ಕೋರ್ಟ್ ಈ ಕೀಟನಾಶಕದ ತಯಾರಿಕೆ, ಮಾರಾಟ ಮತ್ತು ಬಳಕೆಯನ್ನು ದೇಶದಾದ್ಯಂತ ತಡೆಹಿಡಿಯಿತು.

ಜಿರಳೆ, ಸೊಳ್ಳೆ, ಇರುವೆಗಳಿಗೆಂದು ಮನೆಯೊಳಗೆ ಬಳಸುವ ಡಬ್ಬಿಗೂ ಆ ರಾಸಾಯನಿಕಕ್ಕೂ ವಿಷದ ಪ್ರಮಾಣದಲ್ಲಿ ಅಗಾಧ ಅಂತರವಿದೆ. ಆದರೆ ಕೇಳಬೇಕಾದ ಪ್ರಶ್ನೆ ಒಂದೇ: ಕೀಟಕ್ಕೆ ತಗುಲದ ಹನಿ ಎಲ್ಲಿ ಕೂರುತ್ತದೆ, ಅಲ್ಲಿಂದ ಯಾರನ್ನು ಸೇರುತ್ತದೆ?

ನೆಲಕ್ಕೆ ಹತ್ತಿರವಿರುವವರು

ಸಿಂಪಡಿಸಿದ ಮಂಜು ಕಣ್ಣಿಗೆ ಕಾಣದಾದ ಮಾತ್ರಕ್ಕೆ ಇಲ್ಲವಾಗುವುದಿಲ್ಲ. ಅದು ನಿಧಾನವಾಗಿ ಕೆಳಗಿಳಿದು ನೆಲ, ಚಾಪೆ, ಅಡುಗೆಕಟ್ಟೆಗಳ ಮೇಲೆ ತೆಳು ಲೇಪವಾಗಿ ಕೂರುತ್ತದೆ. ದೊಡ್ಡವರು ಆ ನೆಲದ ಮೇಲೆ ನಡೆಯುತ್ತಾರೆ ಅಷ್ಟೆ. ಅಂಬೆಗಾಲಿಡುವ ಮಗು ಅಂಗೈ ಊರಿ ಹರಿದಾಡಿ, ಅದೇ ಕೈಯನ್ನು ಬಾಯಿಗಿಡುತ್ತದೆ. ದೇಹತೂಕ ಕಡಿಮೆಯಿರುವುದರಿಂದ ಅಷ್ಟೇ ಪ್ರಮಾಣ ಮಗುವಿಗೆ ಹೆಚ್ಚಾಗುತ್ತದೆ.

ಬೆಕ್ಕಿನ ಸ್ಥಿತಿ ಇನ್ನೂ ಸೂಕ್ಷ್ಮ. ಮನೆಬಳಕೆಯ ಹೆಚ್ಚಿನ ಸ್ಪ್ರೇಗಳಲ್ಲಿರುವುದು ಪೈರೆಥ್ರಾಯ್ಡ್ ವರ್ಗದ ರಾಸಾಯನಿಕ. ಮನುಷ್ಯರ ಮತ್ತು ನಾಯಿಗಳ ಯಕೃತ್ತು ಅದನ್ನು ಬೇಗ ವಿಭಜಿಸಿ ಹೊರಹಾಕುತ್ತದೆ; ಬೆಕ್ಕಿನ ಯಕೃತ್ತಿಗೆ ಆ ಸಾಮರ್ಥ್ಯ ತೀರ ಕಡಿಮೆ. ಮೇಲಾಗಿ ಅದು ಮೈಗೆ ಅಂಟಿದ್ದನ್ನೆಲ್ಲ ನೆಕ್ಕಿ ನುಂಗುತ್ತದೆ. ನಾಯಿಯ ಉಣ್ಣೆಗೆಂದು ತಂದ ಪರ್ಮೆಥ್ರಿನ್ ಔಷಧವನ್ನು ಬೆಕ್ಕಿಗೆ ಹಚ್ಚಿದರೆ ಅದು ನಡುಕ ಬಂದು ಸಾಯುವ ಅಪಾಯವಿದೆ. ಮೀನುಗಳಂತೂ ಅತ್ಯಲ್ಪ ಪ್ರಮಾಣವನ್ನೂ ತಾಳಲಾರವು.

ಕೊಳ್ಳುವ ಮೊದಲು ತ್ರಿಕೋನ ನೋಡಿ

ದೇಶದಲ್ಲಿ ಮಾರಾಟವಾಗುವ ಕೀಟನಾಶಕಗಳ ಲೇಬಲ್ ಮೇಲೆ ವಜ್ರಾಕಾರದ ಗುರುತೊಂದಿದ್ದು, ಅದರ ಕೆಳಗಿನ ತ್ರಿಕೋನದ ಬಣ್ಣ ವಿಷದ ತೀವ್ರತೆಯನ್ನು ಸೂಚಿಸುತ್ತದೆ. ಕೆಂಪು ಅತಿ ತೀವ್ರ, ಹಳದಿ ಅದಕ್ಕಿಂತ ಕಡಿಮೆ, ನಂತರ ನೀಲಿ, ಕೊನೆಗೆ ಹಸಿರು. ಕೆಂಪು ಅಥವಾ ಹಳದಿ ತ್ರಿಕೋನವಿರುವ ಕೃಷಿ ಕೀಟನಾಶಕವನ್ನು ನೀರಿನಲ್ಲಿ ಬೆರೆಸಿ ಮನೆಯೊಳಗೆ ಹೊಡೆಯುವುದು ಯಾವ ಕಾರಣಕ್ಕೂ ಸಲ್ಲದು. ಹಿಂದೆ ತಿಗಣೆ, ಜಿರಳೆಗೆ ಹಲವರು ಬಳಸುತ್ತಿದ್ದ ಡೈಕ್ಲೋರ್‌ವಾಸ್ ಅನ್ನು ಕೇಂದ್ರ ಸರ್ಕಾರ 2018ರ ಆದೇಶದ ಮೂಲಕ 2020ರ ಅಂತ್ಯದಿಂದ ನಿಷೇಧಿಸಿದೆ. ಹಳೆಯ ಬಾಟಲಿ ಅಟ್ಟದ ಮೇಲೆ ಉಳಿದಿದ್ದರೆ ಅದನ್ನು ಬಳಸಬಾರದು, ಚರಂಡಿಗೂ ಸುರಿಯಬಾರದು.

ಬಿಡಿಯಾಗಿ ಬೇರೆ ಬಾಟಲಿಗೆ ಸುರಿದುಕೊಡುವ ಔಷಧವನ್ನು ಕೊಳ್ಳಲೇಬಾರದು. ಹೆಸರಿಲ್ಲದ ಡಬ್ಬಿ ಏನು ಮಾಡಬಲ್ಲದು ಎಂಬುದಕ್ಕೆ ಬಿಹಾರದ ಗಂಡಾಮನ್ ಗ್ರಾಮದ ಶಾಲೆಯ ದುರಂತವೇ ನಿದರ್ಶನ. 2013ರ ಜುಲೈ 16ರಂದು ಅಲ್ಲಿ ಬಿಸಿಯೂಟ ಉಂಡ 23 ಮಕ್ಕಳು ಮೃತಪಟ್ಟರು. ಅಡುಗೆ ಎಣ್ಣೆಯಲ್ಲಿ ಮೊನೊಕ್ರೊಟೊಫಾಸ್ ಕೀಟನಾಶಕ ಇದ್ದುದು ಪರೀಕ್ಷೆಯಲ್ಲಿ ದೃಢಪಟ್ಟಿತು. ಕೀಟನಾಶಕದ ಖಾಲಿ ಡಬ್ಬಿ ಎಷ್ಟು ತೊಳೆದರೂ ಅಡುಗೆಮನೆಗೆ ಯೋಗ್ಯವಲ್ಲ.

ಒಂದು ಅಡುಗೆಮನೆಯ ಉದಾಹರಣೆ

ಕರಾವಳಿಯ ಸಾಮಾನ್ಯ ಮನೆಯೊಂದನ್ನು ಊಹಿಸಿಕೊಳ್ಳೋಣ. ಸಿಂಕಿನ ಕೆಳಗೆ ಮತ್ತು ಒಲೆಯ ಹಿಂದಿನ ಬಿರುಕಿನಲ್ಲಿ ಜಿರಳೆಗಳಿವೆ. ಮನೆಯಲ್ಲಿ ಒಂದು ವರ್ಷದ ಮಗು, ಒಂದು ಬೆಕ್ಕು, ಹಜಾರದಲ್ಲಿ ಮೀನಿನ ತೊಟ್ಟಿ ಇವೆ. ಕೆಲಸಕ್ಕೆ ಸೂಕ್ತ ಹೊತ್ತು ರಾತ್ರಿಯ ಊಟ ಮುಗಿದು ಪಾತ್ರೆ ತೊಳೆದಿಟ್ಟ ಮೇಲೆ, ಮಗುವೂ ಬೆಕ್ಕೂ ಬೇರೆ ಕೋಣೆಯಲ್ಲಿ ಇರುವಾಗ.

ಮೊದಲು ಆಹಾರ, ಪಾತ್ರೆ, ಕುಡಿಯುವ ನೀರಿನ ಕೊಡ, ಬೆಕ್ಕಿನ ತಟ್ಟೆ ಎಲ್ಲವನ್ನೂ ಹೊರಗೆ ಒಯ್ಯಬೇಕು. ಈಳಿಗೆಮಣೆ, ಕಾಯಿ ತುರಿಯುವ ಮಣೆ, ತರಕಾರಿ ಹೆಚ್ಚುವ ಹಲಗೆಗಳನ್ನು ಮರೆಯಬಾರದು. ಮರ ದ್ರವವನ್ನು ಹೀರಿಕೊಳ್ಳುವುದರಿಂದ ಅದನ್ನು ಪೂರ್ತಿ ತೊಳೆದು ತೆಗೆಯಲಾಗದು. ಎತ್ತಲಾಗದ ಒರಳುಕಲ್ಲಿಗೆ ಪ್ಲಾಸ್ಟಿಕ್ ಹಾಳೆ ಹೊದಿಸಬೇಕು. ಮೀನಿನ ತೊಟ್ಟಿಯನ್ನು ಮುಚ್ಚಿ ಗಾಳಿಯ ಪಂಪ್ ನಿಲ್ಲಿಸಬೇಕು. ಇಲ್ಲವಾದರೆ ಪಂಪ್ ಕೋಣೆಯ ಗಾಳಿಯನ್ನೇ ನೀರಿಗೆ ತುಂಬುತ್ತದೆ. ಸ್ಪ್ರೇ ಡಬ್ಬಿಯೊಳಗಿನ ಅನಿಲ ಹೊತ್ತಿಕೊಳ್ಳುವಂಥದ್ದು. ಆದುದರಿಂದ ಸಿಲಿಂಡರಿನ ರೆಗ್ಯುಲೇಟರ್ ಬಂದ್ ಮಾಡಿ, ದೇವರ ದೀಪವನ್ನೂ ಆರಿಸಿರಬೇಕು.

ಬಳಿಕ ಮೂಗು, ಬಾಯಿಗೆ ಬಟ್ಟೆ ಕಟ್ಟಿಕೊಂಡು, ಲೇಬಲ್ ಹೇಳುವಷ್ಟು ದೂರದಿಂದ ಬಿರುಕುಗಳಿಗೆ ಮಾತ್ರ ಕೆಲವೇ ಸೆಕೆಂಡು ಸಿಂಪಡಿಸಬೇಕು. ಕೋಣೆಯ ಗಾಳಿಗೆ ಹೊಡೆಯುವುದು ವ್ಯರ್ಥ, ಏಕೆಂದರೆ ಜಿರಳೆ ಇರುವುದು ಬಿರುಕಿನಲ್ಲಿ. ಅಡುಗೆಕಟ್ಟೆಯ ಮೇಲ್ಭಾಗಕ್ಕೆ ಹೊಡೆಯಲೇಬಾರದು. ಕೆಲಸ ಮುಗಿದೊಡನೆ ಬಾಗಿಲು ಮುಚ್ಚಿ ಹೊರಬಂದು ಕೈ, ಮುಖಗಳನ್ನು ಸಾಬೂನಿನಿಂದ ತೊಳೆಯಬೇಕು. ಲೇಬಲ್ ಸೂಚಿಸಿದ ಅವಧಿ ಕಳೆದ ಮೇಲೆ ಕಿಟಕಿಗಳನ್ನೆಲ್ಲ ತೆರೆದು ಗಾಳಿಯಾಡಲು ಬಿಡಬೇಕು.

ಮರುದಿನ ಒಲೆ ಹಚ್ಚುವ ಮೊದಲು ಸತ್ತ ಜಿರಳೆಗಳನ್ನು ಗುಡಿಸಿ, ಕಾಗದದಲ್ಲಿ ಸುತ್ತಿ ಎಸೆಯಬೇಕು. ಬೆಕ್ಕು, ಕೋಳಿಗಳು ಅವನ್ನು ತಿನ್ನುತ್ತವೆ. ಕಟ್ಟೆಯನ್ನು ಸಾಬೂನು ನೀರಿನಿಂದ ತೊಳೆದು, ಮತ್ತೆ ಶುದ್ಧ ನೀರಿನಿಂದ ಒರೆಸಬೇಕು. ಬರಿ ನೀರು ಸಾಲದು, ಏಕೆಂದರೆ ಈ ರಾಸಾಯನಿಕಗಳು ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ. ಮಗು ಹರಿದಾಡುವ ನೆಲಕ್ಕೂ ಇದೇ ಕ್ರಮ. ಸಿಂಪಡಿಸಿದ ಬಿರುಕನ್ನು ಮಾತ್ರ ಒರೆಸಬೇಕಾಗಿಲ್ಲ.

ಮಳೆಗಾಲದಲ್ಲಿ ಈ ಕ್ರಮ ಕರಾವಳಿಯಲ್ಲಿ ಕಷ್ಟ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಿಟಕಿ ತೆರೆಯಲಾಗದ ದಿನಗಳೇ ಹೆಚ್ಚು. ಆಗ ಸ್ಪ್ರೇ ಬದಲು, ಮಗುವಿನ ಕೈಗೆ ಎಟುಕದ ಬಿರುಕುಗಳಲ್ಲಿ ಹನಿಹನಿಯಾಗಿ ಇಡುವ ಜಿರಳೆ ಜೆಲ್ ವಾಸಿ. ಅದು ಗಾಳಿಗೆ ಹರಡುವುದಿಲ್ಲ. ಜೆಲ್ ಇಟ್ಟಲ್ಲಿ ಸ್ಪ್ರೇ ಹೊಡೆದರೆ ಜಿರಳೆ ಅದರ ಬಳಿಗೆ ಬಾರದು. ಎರಡನ್ನೂ ಒಟ್ಟಿಗೆ ಬಳಸಬಾರದು.

ವಿಷ ಏರಿದಾಗ

ಪೈರೆಥ್ರಾಯ್ಡ್ ತಗುಲಿದರೆ ಚರ್ಮದಲ್ಲಿ ಉರಿ, ಜುಮುಜುಮು, ಕೆಮ್ಮು ಕಾಣಿಸಿಕೊಳ್ಳಬಹುದು. ಬೆಕ್ಕಿನಲ್ಲಿ ಜೊಲ್ಲು, ಕಿವಿ ಅದುರುವಿಕೆ, ನಡುಕ ಮೊದಲ ಲಕ್ಷಣಗಳು. ವಿಪರೀತ ಬೆವರು, ಜೊಲ್ಲು, ಸೂಜಿಮೊನೆಯಷ್ಟು ಕಿರಿದಾದ ಕಣ್ಣಿನ ಪಾಪೆ, ಉಸಿರಾಟದ ತೊಂದರೆ ಒಟ್ಟಾಗಿ ಕಂಡರೆ ಅದು ಮೊನೊಕ್ರೊಟೊಫಾಸ್‌ನಂಥ ಆರ್ಗನೊಫಾಸ್ಫೇಟ್ ವಿಷದ ಸೂಚನೆ; ಒಂದು ನಿಮಿಷವೂ ಕಾಯುವಂತಿಲ್ಲ.

ಮೈಗೆ ಬಿದ್ದಿದ್ದರೆ ಬಟ್ಟೆ ತೆಗೆದು ಸಾಬೂನಿನಿಂದ ತೊಳೆಯಬೇಕು. ಕಣ್ಣಿಗೆ ಬಿದ್ದಿದ್ದರೆ 15 ನಿಮಿಷ ಹರಿಯುವ ನೀರು ಹಾಯಿಸಬೇಕು. ಮಗು ನುಂಗಿದ್ದರೆ ಉಪ್ಪುನೀರು ಕುಡಿಸಿ ಅಥವಾ ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಸುವುದು ಅಪಾಯಕಾರಿ. ಹಲವು ಕೀಟನಾಶಕಗಳ ದ್ರಾವಕ ಸೀಮೆಎಣ್ಣೆಯಂಥದ್ದು. ವಾಂತಿಯ ವೇಳೆ ಅದು ಶ್ವಾಸಕೋಶಕ್ಕೆ ಇಳಿದರೆ ನುಂಗಿದ್ದಕ್ಕಿಂತ ಹೆಚ್ಚು ಹಾನಿ ಮಾಡುತ್ತದೆ. 108ಕ್ಕೆ ಕರೆ ಮಾಡಿ, ಡಬ್ಬಿಯನ್ನು ಲೇಬಲ್ ಸಮೇತ ಆಸ್ಪತ್ರೆಗೆ ಒಯ್ಯಬೇಕು. ಯಾವ ವಿಷ ಎಂಬುದು ತಿಳಿದರೆ ಮಾತ್ರ ವೈದ್ಯರು ಪ್ರತ್ಯೌಷಧ ಬೇಕೇ ಬೇಡವೇ ಎಂದು ಬೇಗ ನಿರ್ಧರಿಸಬಲ್ಲರು. ದೆಹಲಿಯ ಏಮ್ಸ್‌ನಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಉಚಿತ ದೂರವಾಣಿ ಸಂಖ್ಯೆ 1800 116 117.