ಮಕ್ಕಳಲ್ಲಿ ಲೇಜಿ ಐ: ಕನ್ನಡಕ ಕೊಟ್ಟ ಮೇಲೂ ಒಳ್ಳೆಯ ಕಣ್ಣಿಗೆ ಪ್ಯಾಚ್ ಹಾಕುವುದು ಯಾಕೆ?

"ಚಿಕ್ಕ ವಯಸ್ಸಿಗೇ ಕನ್ನಡಕ ಹಾಕಿಸಿದರೆ ಕಣ್ಣು ಅದಕ್ಕೇ ಒಗ್ಗಿಕೊಂಡು ಪವರ್ ಹೆಚ್ಚಾಗುತ್ತದೆ", "ಮೆಳ್ಳೆಗಣ್ಣು ಅದೃಷ್ಟದ ಲಕ್ಷಣ, ಬೆಳೆಯುತ್ತಾ ತಾನಾಗಿ ಸರಿಹೋಗುತ್ತದೆ". ಇಂಥ ಮಾತುಗಳನ್ನು ನಮ್ಮಲ್ಲಿ ಬಹಳ ಮನೆಗಳಲ್ಲಿ ಕೇಳಬಹುದು. ಬೇರೆ ತೊಂದರೆಗಳಲ್ಲಿ ಈ ನಂಬಿಕೆಗಳಿಂದ ಅಷ್ಟೇನೂ ನಷ್ಟವಾಗದಿರಬಹುದು. ಆದರೆ ಲೇಜಿ ಐ ಇರುವ ಮಗುವಿನ ವಿಷಯದಲ್ಲಿ, ಇವುಗಳನ್ನು ನಂಬಿ ಕಾಯುವ ಪ್ರತಿ ವರ್ಷವೂ ಒಂದು ಕಣ್ಣಿನ ದೃಷ್ಟಿಯನ್ನು ಕಿತ್ತುಕೊಳ್ಳುತ್ತದೆ.

ಸೋಮಾರಿ ಆಗಿರುವುದು ಕಣ್ಣಲ್ಲ

ವೈದ್ಯರು ಇದನ್ನು ಆಂಬ್ಲಿಯೋಪಿಯಾ ಎನ್ನುತ್ತಾರೆ. ಇದರಲ್ಲಿ ಕಣ್ಣಿನ ರಚನೆ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ. ಆದರೆ ಆ ಕಣ್ಣು ಕಳಿಸುವ ಚಿತ್ರವನ್ನು ಓದಲು ಮೆದುಳು ಕಲಿತಿರುವುದಿಲ್ಲ. ಹುಟ್ಟಿದ ಮಗುವಿಗೆ ನೋಡುವುದು ಪೂರ್ತಿಯಾಗಿ ಬರುವುದಿಲ್ಲ, ಮೊದಲ ಕೆಲವು ವರ್ಷಗಳಲ್ಲಿ ಎರಡೂ ಕಣ್ಣುಗಳಿಂದ ಸ್ಪಷ್ಟ ಚಿತ್ರ ಸಿಗುತ್ತಾ ಸಿಗುತ್ತಾ ಮೆದುಳು ಅದನ್ನು ಕಲಿಯುತ್ತದೆ. ಒಂದು ಕಣ್ಣಿನ ಚಿತ್ರ ಯಾವಾಗಲೂ ಮಂಜಾಗಿದ್ದರೆ ಮೆದುಳು ಅದನ್ನು ಪಕ್ಕಕ್ಕಿಟ್ಟು ಇನ್ನೊಂದರಿಂದಲೇ ಕೆಲಸ ಸಾಗಿಸುತ್ತದೆ.

ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟನ್ ವೀಸೆಲ್ ಎಂಬ ವಿಜ್ಞಾನಿಗಳು ಇದನ್ನು ಬೆಕ್ಕಿನ ಮರಿಗಳಲ್ಲಿ ತೋರಿಸಿದರು. ಮರಿಯ ಒಂದು ಕಣ್ಣಿನ ರೆಪ್ಪೆಯನ್ನು ಕೆಲವು ವಾರ ಮುಚ್ಚಿಟ್ಟು ಮತ್ತೆ ತೆರೆದಾಗ, ಮೆದುಳಿನ ದೃಷ್ಟಿಭಾಗದ ಹೆಚ್ಚಿನ ಕೋಶಗಳು ಆ ಕಣ್ಣಿಗೆ ಸ್ಪಂದಿಸುವುದನ್ನೇ ಬಿಟ್ಟಿದ್ದವು. ದೊಡ್ಡ ಬೆಕ್ಕುಗಳಲ್ಲಿ ಹೀಗಾಗಲಿಲ್ಲ. ದೃಷ್ಟಿಯ ಬಗೆಗಿನ ಸಂಶೋಧನೆಗಾಗಿ ಇಬ್ಬರಿಗೂ 1981ರಲ್ಲಿ ನೊಬೆಲ್ ಬಂತು.

ಮನೆಯವರಿಗೆ ಗೊತ್ತೇ ಆಗದ ಬಗೆ

ಕಣ್ಣು ಓರೆಯಾಗಿದ್ದರೆ ಯಾರಾದರೂ ಗಮನಿಸುತ್ತಾರೆ. ಕಣ್ಣಿನ ಪಾಪೆಯಲ್ಲಿ ಬಿಳಿ ಕಂಡರೆ ಅದು ಬೇರೆಯೇ ಗಂಭೀರ ವಿಷಯ, ಅದಕ್ಕೆ ಒಂದು ದಿನವೂ ಕಾಯಬಾರದು. ಆದರೆ ಎರಡು ಕಣ್ಣುಗಳ ಪವರ್‌ನಲ್ಲಿ ದೊಡ್ಡ ವ್ಯತ್ಯಾಸವಿದ್ದು ಬರುವ ಲೇಜಿ ಐ ಹೊರಗೆ ಕಾಣುವುದೇ ಇಲ್ಲ. ನೆಟ್ಟಗಿನ ಕಣ್ಣು, ಚುರುಕಾದ ಮಗು, ದೂರವಿಲ್ಲ.

ಉದಾಹರಣೆಗೆ ಯುಕೆಜಿಯ ಐದು ವರ್ಷದ ಒಂದು ಹುಡುಗಿಯನ್ನು ಊಹಿಸಿಕೊಳ್ಳೋಣ. ಅವಳ ಬಲಗಣ್ಣಿನ ಪವರ್ ಪ್ಲಸ್ 1, ಎಡಗಣ್ಣಿನದು ಪ್ಲಸ್ 4.5. ಪ್ಲಸ್ ಪವರ್ ಇರುವ ಮಕ್ಕಳು ಕಣ್ಣಿನೊಳಗಿನ ಮಸೂರವನ್ನು ಉಬ್ಬಿಸಿ ಫೋಕಸ್ ಮಾಡಿಕೊಳ್ಳಬಲ್ಲರು. ತೊಡಕು ಏನೆಂದರೆ ಈ ಶ್ರಮ ಎರಡೂ ಕಣ್ಣಿಗೆ ಒಂದೇ ಅಳತೆಯಲ್ಲಿ ಹೋಗುತ್ತದೆ. ಬಲಗಣ್ಣು ಸ್ಪಷ್ಟವಾಗಲು 1 ಸಾಕು, ಅಲ್ಲಿಗೆ ಮೆದುಳು ನಿಲ್ಲಿಸಿಬಿಡುತ್ತದೆ. ಎಡಗಣ್ಣಿಗೆ ಇನ್ನೂ 3.5 ಬಾಕಿ. ಹತ್ತಿರದ ಪುಸ್ತಕವಿರಲಿ, ದೂರದ ಬೋರ್ಡ್ ಇರಲಿ, ಎಡಗಣ್ಣಿನ ಚಿತ್ರ ಎಂದೂ ಸ್ಪಷ್ಟವಾಗುವುದಿಲ್ಲ. ಮೈನಸ್ ಪವರ್ ಇರುವ ಕಣ್ಣಿಗೆ ಹತ್ತಿರದ್ದಾದರೂ ಸ್ಪಷ್ಟವಾಗಿ ಸಿಗುತ್ತದೆ. ಹಾಗಾಗಿಯೇ ಇಷ್ಟೇ ವ್ಯತ್ಯಾಸವಿದ್ದರೂ ಪ್ಲಸ್ ಕಣ್ಣು ಲೇಜಿ ಆಗುವ ಸಾಧ್ಯತೆ ಹೆಚ್ಚು.

ಬಲಗಣ್ಣು ಚೆನ್ನಾಗಿ ಕಾಣುವುದರಿಂದ ಅವಳು ಓದುತ್ತಾಳೆ, ಓಡುತ್ತಾಳೆ, ಟಿವಿ ನೋಡುತ್ತಾಳೆ. ಒಂದೊಂದೇ ಕಣ್ಣು ಮುಚ್ಚಿ ಚಾರ್ಟ್ ಓದಿಸಿದಾಗ ಮಾತ್ರ ಗೊತ್ತಾಗುತ್ತದೆ: ಬಲಗಣ್ಣು 6/6, ಎಡಗಣ್ಣು 6/36. ಅಂದರೆ ಸರಿಯಾದ ದೃಷ್ಟಿಗೆ 36 ಮೀಟರ್ ದೂರದಿಂದ ಕಾಣುವ ಅಕ್ಷರ ಎಡಗಣ್ಣಿಗೆ 6 ಮೀಟರ್ ಹತ್ತಿರ ಬಂದರಷ್ಟೇ ಕಾಣುತ್ತದೆ.

ಮನೆಯಲ್ಲೂ ಒಂದೊಂದೇ ಕಣ್ಣು ಮುಚ್ಚಿ ನೋಡಬಹುದು. ಒಂದು ಕಣ್ಣು ಮುಚ್ಚಿದಾಗ ಸುಮ್ಮನಿದ್ದ ಮಗು, ಇನ್ನೊಂದನ್ನು ಮುಚ್ಚಿದಾಗ ಪದೇಪದೇ ಕೈ ತಳ್ಳಿದರೆ, ಅತ್ತರೆ, ಅದು ಸುಳಿವು. ಆದರೆ ಮಗು ಸುಮ್ಮನಿತ್ತು ಎಂಬ ಕಾರಣಕ್ಕೆ ಎಲ್ಲ ಸರಿಯಿದೆ ಎನ್ನಲಾಗದು. ಪವರ್ ತಿಳಿಯಲು ಡ್ರಾಪ್ಸ್ ಅಥವಾ ಮುಲಾಮು ಹಾಕಿ, ಮಗು ಫೋಕಸ್ ಮಾಡುವ ಶಕ್ತಿಯನ್ನು ತಾತ್ಕಾಲಿಕವಾಗಿ ನಿಲ್ಲಿಸಿ ಪರೀಕ್ಷಿಸಬೇಕು. ಇದಿಲ್ಲದೆ ಬರೀ ಕಂಪ್ಯೂಟರ್ ಟೆಸ್ಟ್ ಮಾಡಿದರೆ ಪ್ಲಸ್ ಪವರ್ ಅಡಗಿಕೊಂಡುಬಿಡುತ್ತದೆ. ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಮಕ್ಕಳ ಕಣ್ಣನ್ನೂ ನೋಡುತ್ತದೆ. ಅಲ್ಲಿಂದ ಆಸ್ಪತ್ರೆಗೆ ಚೀಟಿ ಕೊಟ್ಟರೆ ಅದನ್ನು ಬ್ಯಾಗಿನಲ್ಲೇ ಉಳಿಸಬೇಡಿ.

ಮೊದಲು ಕನ್ನಡಕ, ಆಮೇಲೆ ಪ್ಯಾಚ್

ಕನ್ನಡಕ ಹಾಕಿದ ಮೊದಲ ದಿನ ಆ ಹುಡುಗಿಯ ಎಡಗಣ್ಣು 6/24ರ ಆಸುಪಾಸಿನಲ್ಲೇ ನಿಲ್ಲಬಹುದು. "ಕನ್ನಡಕ ಹಾಕಿದರೂ ಕಾಣಲ್ಲ ಅಂತಾಳೆ" ಎಂದು ಅಪ್ಪ ಅಮ್ಮ ಅದನ್ನು ತೆಗೆದಿಡುವುದು ಇಲ್ಲಿಯೇ. ಕನ್ನಡಕ ಮಾಡಿದ್ದು ಕಣ್ಣಿನ ಪರದೆಯ ಮೇಲೆ ಸ್ಪಷ್ಟ ಚಿತ್ರ ಬೀಳಿಸುವುದನ್ನು ಮಾತ್ರ. ಅದನ್ನು ಓದಲು ಮೆದುಳಿಗೆ ವಾರಗಳು ಬೇಕು. ಎದ್ದಾಗಿನಿಂದ ಮಲಗುವವರೆಗೆ ಹಾಕಿಕೊಂಡಿದ್ದರೆ ಕನ್ನಡಕವೊಂದೇ ಸಾಕಷ್ಟು ಕೆಲಸ ಮಾಡುತ್ತದೆ. ಅಮೆರಿಕದಲ್ಲಿ 3ರಿಂದ 7 ವರ್ಷದೊಳಗಿನ, ಇದೇ ಬಗೆಯ ಲೇಜಿ ಐ ಇದ್ದ 84 ಮಕ್ಕಳ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಅದರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಕನ್ನಡಕದಿಂದಲೇ ಪೂರ್ತಿ ಸರಿಹೋಗಿತ್ತು, ಹೆಚ್ಚಿನ ಉಳಿದವರಲ್ಲೂ ಸುಧಾರಣೆ ಕಂಡಿತ್ತು.

ನಮ್ಮ ಹುಡುಗಿಯ ಎಡಗಣ್ಣು ಕೆಲವು ವಾರಗಳಲ್ಲಿ 6/18ಕ್ಕೆ ಬಂದು ಅಲ್ಲೇ ನಿಂತಿತು ಎನ್ನೋಣ. ಈಗ ಪ್ಯಾಚ್ ಬೇಕು, ಅದೂ ಒಳ್ಳೆಯ ಬಲಗಣ್ಣಿಗೆ. ಎರಡೂ ಕಣ್ಣು ತೆರೆದಿರುವಾಗ ಮೆದುಳು ಹಳೆಯ ಅಭ್ಯಾಸದಂತೆ ಬಲಗಣ್ಣನ್ನೇ ಆರಿಸುತ್ತದೆ. ಅದನ್ನು ಮುಚ್ಚಿದರೆ ಎಡಗಣ್ಣನ್ನು ಬಳಸದೆ ಬೇರೆ ದಾರಿಯಿಲ್ಲ. ಎಡಗಣ್ಣಿನ ಮುಂದೆ ಕನ್ನಡಕವಿಲ್ಲದೆ ಪ್ಯಾಚ್ ಹಾಕಿದರೆ, ಮೆದುಳಿಗೆ ಮಂಜಾದ ಚಿತ್ರವನ್ನೇ ಓದಲು ಕೊಟ್ಟಂತಾಗುತ್ತದೆ. ಹಾಗಾಗಿ ಪ್ಯಾಚ್ ಸಮಯದಲ್ಲೂ ಕನ್ನಡಕ ಇರಲೇಬೇಕು.

ದಿನವಿಡೀ ಮುಚ್ಚಬೇಕಿಲ್ಲ. 6/12ರಿಂದ 6/24ರಷ್ಟು ದೃಷ್ಟಿ ಇರುವ ಮಕ್ಕಳಲ್ಲಿ ದಿನಕ್ಕೆ 2 ಗಂಟೆಯ ಪ್ಯಾಚ್ ಮತ್ತು 6 ಗಂಟೆಯ ಪ್ಯಾಚ್ ಹೆಚ್ಚುಕಡಿಮೆ ಒಂದೇ ಫಲ ಕೊಟ್ಟಿವೆ ಎಂದು 2003ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ನಿಮ್ಮ ಮಗುವಿಗೆ ಎಷ್ಟು ಗಂಟೆ ಎನ್ನುವುದನ್ನು ವೈದ್ಯರೇ ಹೇಳಬೇಕು. ಅತಿಯಾದರೆ ಒಳ್ಳೆಯ ಕಣ್ಣಿನ ದೃಷ್ಟಿಯೂ ಇಳಿಯಬಹುದು, ಅದಕ್ಕೇ ಕೆಲವು ವಾರಗಳಿಗೊಮ್ಮೆ ಎರಡೂ ಕಣ್ಣಿನ ತಪಾಸಣೆ.

ಪ್ಯಾಚ್ ಸೋಲುವುದು ಸಾಮಾನ್ಯವಾಗಿ ಇಣುಕುವುದರಿಂದ. ಕನ್ನಡಕದ ಗಾಜಿನ ಮೇಲೆ ಬಟ್ಟೆ ಸಿಕ್ಕಿಸಿದರೆ ಮಗು ತಲೆ ಓರೆ ಮಾಡಿ ಮೂಗಿನ ಬದಿಯ ಸಂದಿಯಿಂದ ನೋಡುತ್ತದೆ. ಚರ್ಮಕ್ಕೇ ಅಂಟಿಸುವ ಪ್ಯಾಚ್ ಹಾಕಿ ಅದರ ಮೇಲೆ ಕನ್ನಡಕ ಹಾಕುವುದು ಒಳ್ಳೆಯದು. ಬಣ್ಣ ಹಚ್ಚುವುದು, ಮಣಿ ಪೋಣಿಸುವುದು, ಅಕ್ಕಿ ಆರಿಸುವುದು, ಇಂಥ ಕೆಲಸ ಕೊಟ್ಟರೆ ಎರಡು ಗಂಟೆ ಕಳೆಯುತ್ತದೆ. ಮೊದಲ ವಾರ ಮಗು ಗಲಾಟೆ ಮಾಡುವುದು ಹಟದಿಂದಲ್ಲ, ಅದಕ್ಕೆ ನಿಜವಾಗಿಯೂ ಸರಿಯಾಗಿ ಕಾಣುತ್ತಿರುವುದಿಲ್ಲ. ಒಪ್ಪದ ಮಕ್ಕಳಿಗೆ ಒಳ್ಳೆಯ ಕಣ್ಣನ್ನು ಮಂಜು ಮಾಡುವ ಅಟ್ರೋಪಿನ್ ಡ್ರಾಪ್ಸ್ ಇನ್ನೊಂದು ದಾರಿ, ವೈದ್ಯರ ಚೀಟಿಯಿದ್ದರೆ ಮಾತ್ರ.

ಏಳು ವರ್ಷ ದಾಟಿದರೆ?

"ಏಳು ದಾಟಿತು, ಇನ್ನೇನೂ ಮಾಡಲಾಗದು" ಎಂಬುದೂ ಪೂರ್ತಿ ನಿಜವಲ್ಲ. 2005ರ ಅಧ್ಯಯನದಲ್ಲಿ 7ರಿಂದ 12 ವರ್ಷದ, ಪ್ಯಾಚ್ ಮತ್ತು ಡ್ರಾಪ್ಸ್ ಪಡೆದ ಮಕ್ಕಳಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಮಂದಿಗೆ ಸುಧಾರಣೆ ಕಂಡಿತು. ಕನ್ನಡಕವಷ್ಟೇ ಪಡೆದವರಲ್ಲಿ ಇದು ಕಾಲು ಭಾಗ. ಆದರೆ ಆ ವಯಸ್ಸಿನಲ್ಲಿ ಹೆಚ್ಚಿನವರಿಗೆ ಸ್ವಲ್ಪ ಕೊರತೆ ಉಳಿದೇ ಇತ್ತು. ನಾಲ್ಕೈದು ವರ್ಷದಲ್ಲಿ ಸಿಗುವ ಫಲ ಹತ್ತರಲ್ಲಿ ಸಿಗುವುದು ಕಷ್ಟ.

ಎಡಗಣ್ಣು 6/9ಕ್ಕೋ 6/6ಕ್ಕೋ ಬಂದ ಮೇಲೆ ಪ್ಯಾಚ್ ಅನ್ನು ನಿಧಾನವಾಗಿ ಕಡಿಮೆ ಮಾಡುತ್ತಾರೆ. ಚಿಕಿತ್ಸೆ ನಿಲ್ಲಿಸಿದ ಒಂದು ವರ್ಷದೊಳಗೆ ಸುಮಾರು ನಾಲ್ವರಲ್ಲಿ ಒಬ್ಬರಿಗೆ ದೃಷ್ಟಿ ಮತ್ತೆ ಇಳಿಯುತ್ತದೆ, ಹೆಚ್ಚು ಗಂಟೆಯ ಪ್ಯಾಚ್ ಅನ್ನು ಒಮ್ಮೆಲೇ ಬಿಟ್ಟವರಲ್ಲಿ ಇನ್ನೂ ಹೆಚ್ಚು. ಕನ್ನಡಕ ಮಾತ್ರ ಮುಂದುವರಿಯುತ್ತದೆ, ಯಾಕೆಂದರೆ ಎರಡು ಕಣ್ಣುಗಳ ನಡುವಿನ ಆ 3.5 ವ್ಯತ್ಯಾಸವನ್ನು ಪ್ಯಾಚ್ ತೆಗೆದುಹಾಕಿರುವುದಿಲ್ಲ.